ಗಂಟೆಯ ನಾಲಿಗೆ ಮತ್ತು ಅಟ್ಲಿಯ ಮಾತು

ನಮ್ಮ ಚರಿತ್ರೆ ಮೇಷ್ಟ್ರು ಈ ವರ್ಷ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳೆಲ್ಲ ಏನಾದರೂ ಬರೆಯಿರಿ ಎಂದು ಸಂಚಿಕೆಯವರು ಕೇಳಿದಾಗ, ಮದ್ದೂರಿನ ಆ ಹೈಸ್ಕೂಲಿನಲ್ಲಿ ನಾನು ಓದಿದ್ದು ಏನೇನು ಎಂದು ನೆನಪಿಸಿಕೊಳ್ಳಲು ನೋಡಿದೆ. ಪಾಠ ಒಂದೂ ನೆನಪಿಗೆ ಬರಲಿಲ್ಲ. ಎಂಬತ್ತರ ದಶಕದ ಒಂದು ಚರ್ಚಾಸ್ಪರ್ಧೆ ಮಾತ್ರ ಪೂರ್ತಿ ಬಂತು.

ವಿಷಯ: ಬ್ರಿಟಿಷರನ್ನು ಕಳಿಸಿದ್ದು ಅಹಿಂಸಾ ಚಳವಳಿಯೋ, ಸಶಸ್ತ್ರ ಹೋರಾಟವೋ? ಚೀಟಿ ಎತ್ತಿದಾಗ ನನಗೆ ಸಶಸ್ತ್ರ ಹೋರಾಟದ ಪಕ್ಷ ಬಂತು. ನಾನು ಕುಣಿದಾಡಿಬಿಟ್ಟೆ. ಆ ವಯಸ್ಸಿನಲ್ಲಿ ಭಗತ್ ಸಿಂಗ್, ನೇತಾಜಿ ಅಂದರೆ ಚಪ್ಪಾಳೆ ಗ್ಯಾರಂಟಿ. ನನ್ನ ಗಂಟಲೂ ಚೆನ್ನಾಗಿತ್ತು, ಇದನ್ನು ನಾನು ಹೇಳಬಾರದು, ಆದರೂ ಹೇಳ್ತೀನಿ.

ಭಾಷಣದ ತುದಿಗೆ ನಾನು ಒಂದು ಬ್ರಹ್ಮಾಸ್ತ್ರ ಇಟ್ಟುಕೊಂಡಿದ್ದೆ. ಭಾರತಕ್ಕೆ ಸ್ವಾತಂತ್ರ್ಯ ಕೊಟ್ಟಾಗ ಬ್ರಿಟನ್ನಿನ ಪ್ರಧಾನಿ ಆಗಿದ್ದ ಅಟ್ಲಿಯೇ, ನಾವು ಹೊರಟಿದ್ದಕ್ಕೆ ನೇತಾಜಿಯ ಸೇನೆ ಕಾರಣ, ಗಾಂಧೀಜಿಯ ಪಾಲು ತೀರಾ ಕಡಿಮೆ ಅಂದಿದ್ದಾರಂತೆ. ಯಾವುದೋ ಭಾನುವಾರದ ಪುರವಣಿಯಲ್ಲಿ ಓದಿ ಕತ್ತರಿಸಿ ಇಟ್ಟಿದ್ದೆ. ಮೇಷ್ಟ್ರಿಗೆ ಅದನ್ನು ಓದಿ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಕೇಳಿದರು.

"ಯಾರ್ ಕೇಳಿಸ್ಕೊಂಡ್ರು ಈ ಮಾತ್ನ?"

ಚೀಟಿಯಲ್ಲೇ ಇತ್ತು. 1956ರಲ್ಲಿ ಅಟ್ಲಿ ಕಲ್ಕತ್ತಾಕ್ಕೆ ಬಂದಾಗ, ಅಲ್ಲಿ ಹಂಗಾಮಿ ರಾಜ್ಯಪಾಲರಾಗಿದ್ದ ನ್ಯಾಯಮೂರ್ತಿ ಚಕ್ರವರ್ತಿ.

"ಅವರು ಯಾವಾಗ ಬರೆದ್ರು?"

ಅದೂ ಇತ್ತು. 1976ರಲ್ಲಿ, ಒಂದು ಕಾಗದದಲ್ಲಿ.

"ಇಪ್ಪತ್ತು ವರ್ಷ ಆದ್ಮೇಲೆ. ಅಟ್ಲಿ ಸತ್ತಿದ್ದು 1967. ಹೌದಾ ಅಲ್ವಾ ಅಂತ ಕೇಳೋಕೆ ಆ ಮನುಷ್ಯ ಇಲ್ಲ. ಒಬ್ಬರ ನೆನಪಿನ ಮೇಲೆ ಇಡೀ ಭಾಷಣ ನಿಲ್ಲಿಸ್ತೀಯಾ ಮಗಾ? ಹೇಳು, ಬೇಡ ಅನ್ನಲ್ಲ. ಆದರೆ ಕೊನೇಗಿಡಬೇಡ. ಎದುರು ಪಕ್ಷದೋರು ಒಂದು ಪ್ರಶ್ನೆ ಕೇಳಿದ್ರೆ ನೀನು ಕುಂತ್ಕೋಬೇಕು."

ಹಾಗಾದರೆ ಏನು ಹೇಳಲಿ? ನೇತಾಜಿಯ ಸೇನೆ 1944ರಲ್ಲಿ ಇಂಫಾಲದ ಹತ್ತಿರ ಸೋತಿತ್ತು. ಸೋತ ಸೇನೆ ಗೆದ್ದಿದ್ದು ಹೇಗೆ ಎನ್ನುವುದೇ ನಿನ್ನ ಭಾಷಣ ಅಂದರು ಮೇಷ್ಟ್ರು. ಬ್ರಿಟಿಷರು ಇಲ್ಲಿ ಇದ್ದಿದ್ದೇ ಕಡಿಮೆ ಜನ. ಅವರ ಆಡಳಿತ ನಡೆಯುತ್ತಿದ್ದಿದ್ದು ನಮ್ಮ ಗುಮಾಸ್ತ, ನಮ್ಮ ಪೊಲೀಸು, ನಮ್ಮ ಸಿಪಾಯಿಯಿಂದ. 1945ರ ಕೊನೆಯಲ್ಲಿ ನೇತಾಜಿಯ ಸೇನೆಯ ಅಧಿಕಾರಿಗಳಾಗಿದ್ದ ಸೆಹಗಲ್, ಧಿಲ್ಲೋನ್, ಶಾ ನವಾಜ್ ಖಾನ್ ಮೂವರನ್ನೂ ಕೆಂಪುಕೋಟೆಯಲ್ಲಿ ವಿಚಾರಣೆಗೆ ನಿಲ್ಲಿಸಿದಾಗ ಊರೂರಲ್ಲಿ ಜನ ಬೀದಿಗೆ ಬಂದರು. ಜೀವಾವಧಿ ಗಡೀಪಾರು ಶಿಕ್ಷೆಯನ್ನು ದಂಡನಾಯಕ ಆಕಿನ್‌ಲೆಕ್ ರದ್ದು ಮಾಡಬೇಕಾಯಿತು. ಸಿಪಾಯಿಯನ್ನು ನಂಬಬಹುದಾ ಎಂಬ ಅನುಮಾನ ಆಗ ಶುರುವಾಯಿತು. ಇದು ನನ್ನ ಗಟ್ಟಿ ಪಾಯಿಂಟು.

ಅದರ ಜೊತೆ ಮುಂಬೈಯ ನೌಕಾದಂಗೆಯನ್ನೂ ಸೇರಿಸಿದೆ. 1946ರ ಫೆಬ್ರವರಿ 18ಕ್ಕೆ ಶುರುವಾಗಿ ಸುಮಾರು 20,000 ನಾವಿಕರಿಗೆ ಹಬ್ಬಿದ ದಂಗೆ. ಮರುದಿನವೇ, 19ಕ್ಕೆ, ಅಧಿಕಾರ ಬಿಟ್ಟುಕೊಡುವ ಮಾತುಕತೆಗೆ ಕ್ಯಾಬಿನೆಟ್ ನಿಯೋಗ ಕಳಿಸುತ್ತೇವೆ ಎಂದು ಲಂಡನ್ನಿನಲ್ಲಿ ಘೋಷಣೆ! ಇದಕ್ಕಿಂತ ಸಾಕ್ಷಿ ಬೇಕಾ? ಮೇಷ್ಟ್ರು ಮತ್ತೆ ನಕ್ಕರು. ನಿಯೋಗ ಕಳಿಸುವ ತೀರ್ಮಾನ ಜನವರಿಯಲ್ಲೇ ಆಗಿತ್ತು, ಹೇಳಿದ್ದು ಮಾತ್ರ ಆ ದಿನ. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣ ಆಗಲ್ಲ ಅಂದರು. ಇನ್ನೂ ಒಂದು ಕೊಕ್ಕೆ ಹಾಕಿದರು. ಆ ದಂಗೆ ಶುರುವಾದದ್ದು ಕೆಟ್ಟ ಊಟದ ವಿರುದ್ಧ, ಊಟ ಬಿಟ್ಟು ಕೂತು. ಕೋವಿ ಸದ್ದು ಆಮೇಲೆ. ಹಾಗಾದರೆ ಅದು ನಿನ್ನ ಪಕ್ಷದ್ದೋ, ಎದುರು ಪಕ್ಷದ್ದೋ?

ಸ್ಪರ್ಧೆಯ ದಿನ ಒಬ್ಬೊಬ್ಬರಿಗೆ ಐದು ನಿಮಿಷ, ಕೊನೆಗೆ ಮರುಉತ್ತರಕ್ಕೆ ಒಂದು ನಿಮಿಷ. ನಾಲ್ಕನೇ ನಿಮಿಷಕ್ಕೆ ಒಂದು ಗಂಟೆ, ಐದಕ್ಕೆ ಎರಡು. ಪೂಜೆಯ ಹಿತ್ತಾಳೆ ಗಂಟೆ ಅದು. ನನ್ನ ಭಾಷಣ ಏಳು ನಿಮಿಷದ್ದು. ಹಿಂದಿನ ಬೆಂಚಿನ ಗೆಳೆಯರಿಬ್ಬರು ಬೆಳಗ್ಗೆಯೇ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ದಾರ ಬಿಗಿದಿದ್ದರು. ನಾಲ್ಕನೇ ನಿಮಿಷಕ್ಕೆ ಮೇಷ್ಟ್ರು ಗಂಟೆ ಅಲ್ಲಾಡಿಸಿದರು, ಸದ್ದಿಲ್ಲ. ಮತ್ತೆ ಅಲ್ಲಾಡಿಸಿದರು. ಸಭೆಯೆಲ್ಲ ನಗು. ಆಗ ಅವರು ಡಸ್ಟರ್ ತಗೊಂಡು ಮೇಜಿಗೆ ಬಡಿದರು ನೋಡಿ, ಸುಣ್ಣದ ಪುಡಿ ಅತಿಥಿಗಳ ಕೋಟಿನ ಮೇಲೆ. ನನ್ನ ಭಾಷಣ ಕೆಂಪುಕೋಟೆ ದಾಟಿ ಮುಂಬೈ ಬಂದರು ತಲುಪಲೇ ಇಲ್ಲ.

ಎದುರು ಪಕ್ಷದಲ್ಲಿ ಶಿವಪುರದ ಹುಡುಗಿಯೊಬ್ಬಳಿದ್ದಳು. ನಮ್ಮೂರಿಗೆ ಅಂಟಿಕೊಂಡೇ ಇರುವ ಶಿವಪುರ. ಅವಳು ದೇಶದ ಸುದ್ದಿಗೇ ಹೋಗಲಿಲ್ಲ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಅಲ್ಲಿ ನಡೆದದ್ದು, ನಿಷೇಧ ಇದ್ದರೂ ಕಾಂಗ್ರೆಸ್ ಬಾವುಟ ಹಾರಿಸಿದ್ದು, ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರನ್ನು ಹಿಡಿದದ್ದು, ಅದೇ ತಿಂಗಳು 25ಕ್ಕೆ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗಿದ್ದು, ಪಟೇಲರು, ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿದ್ದು, ಕೊನೆಗೆ ಮೈಸೂರಿನ ಬಾವುಟದ ಜೊತೆ ಆ ಬಾವುಟಕ್ಕೂ ಜಾಗ ಸಿಕ್ಕಿದ್ದು, ಎಲ್ಲವನ್ನೂ ಕಥೆ ಹೇಳಿದ ಹಾಗೆ ಹೇಳಿದಳು.

ಮರುಉತ್ತರದಲ್ಲಿ ನಾನು ಎದ್ದೆ. ಅದು ಮಹಾರಾಜರ ಸರ್ಕಾರ, ಬ್ರಿಟಿಷರದ್ದಲ್ಲ, ಲೆಕ್ಕಕ್ಕಿಲ್ಲ ಅಂದೆ. ಈಸೂರು ನೋಡಿ ಅಂದೆ. 1942ರಲ್ಲಿ ಆ ಊರು ತಾನೇ ಸ್ವತಂತ್ರ ಅಂದುಕೊಂಡು, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿತ್ತು. ಜೋರು ಚಪ್ಪಾಳೆ ಬಂತು.

ಅವಳು ತನ್ನ ಒಂದು ನಿಮಿಷದಲ್ಲಿ ಕೇಳಿದ್ದು ಇಷ್ಟೇ. ಶಿವಮೊಗ್ಗದ ಈಸೂರೂ ಮೈಸೂರು ಸಂಸ್ಥಾನವೇ ಅಲ್ವಾ? ಅದೇ ಸರ್ಕಾರ. ಶಿವಪುರದಲ್ಲಿ ಬಾವುಟಕ್ಕೆ ಜಾಗ ಸಿಕ್ಕಿತು. ಈಸೂರಿನಲ್ಲಿ ನಿಜವಾದ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರ್ ಘರ್ಷಣೆಯಲ್ಲಿ ಸತ್ತರು, 1943ರಲ್ಲಿ ಐದು ಜನ ಗಲ್ಲಿಗೇರಿದರು.

ಅವಳಿಗೆ ಮೊದಲ ಬಹುಮಾನ, ನನಗೆ ಎರಡನೆಯದು. ನನ್ನ ಅಭಿಪ್ರಾಯ ಕೇಳಿದರೆ ಅರ್ಧ ಅಂಕದ ವ್ಯತ್ಯಾಸ ಇರಬಹುದು. ಆದರೆ ಮೇಷ್ಟ್ರು ಅವಳನ್ನೂ ಬಿಡಲಿಲ್ಲ. ಬಹುಮಾನ ಕೊಟ್ಟ ಮೇಲೆ ಎಲ್ಲರ ಎದುರಿಗೇ ಹೇಳಿದರು. "ಸರ್ಕಾರ ಒಂದೇ, ಸರಿ ಕಣಮ್ಮ. ಕಾಲ ಒಂದೇನಾ? 38ರಲ್ಲಿ ಯುದ್ಧ ಇರಲಿಲ್ಲ. ಸಂಧಾನಕ್ಕೆ ಪಟೇಲರು ಬರಬಹುದಿತ್ತು. 42ರಲ್ಲಿ ಪಟೇಲರೇ ಜೈಲಲ್ಲಿದ್ರು. ಅವತ್ತು ಈಸೂರಿನೋರು ಬರೀ ಬಾವುಟ ಹಿಡಿದು ನಿಂತಿದ್ರೆ ಯಾರು ಮಾತಾಡೋಕೆ ಬರ್ತಿದ್ರು?" ಅವಳು ಬಹುಮಾನದ ಸ್ಟೀಲ್ ತಟ್ಟೆ ಹಿಡಿದುಕೊಂಡು ಯೋಚನೆ ಮಾಡುತ್ತ ನಿಂತಳು. ನನಗೆ ಸಖತ್ ಖುಷಿ.

ಹೋದ ವರ್ಷ ಬೇರೊಂದು ಶಾಲೆಗೆ ತೀರ್ಪುಗಾರನಾಗಿ ಹೋಗಿದ್ದೆ. ಅದೇ ವಿಷಯ. ಒಂಬತ್ತನೇ ಕ್ಲಾಸಿನ ಹುಡುಗ ಅಟ್ಲಿಯ ಅದೇ ಮಾತನ್ನು ಕೈ ಎತ್ತಿ ಎತ್ತಿ ಹೇಳಿದ. ಯಾರಿಗೆ ಹೇಳಿದ್ದಪ್ಪ ಅಂದೆ. "ಸರ್, ನೆಟ್‌ನಲ್ಲಿದೆ" ಅಂದ. ಅವರಪ್ಪ ಮುಂದಿನ ಸಾಲಿನಲ್ಲಿ ಕೂತು ವಿಡಿಯೊ ಮಾಡುತ್ತಿದ್ದರು, ನನ್ನ ಪ್ರಶ್ನೆಗೆ ಮುಖ ಗಂಟು ಹಾಕಿಕೊಂಡರು. ಹುಡುಗನದು ತಪ್ಪಿಲ್ಲ. ಭಾಷಣ ಮನೆಯಲ್ಲೇ ತಯಾರಾಗಿ, ಕಂಠಪಾಠವಾಗಿ ಬರುತ್ತೆ. ಮರುಉತ್ತರದ ಆ ಒಂದು ನಿಮಿಷವನ್ನೇ ತೆಗೆದುಹಾಕಿದ್ದಾರೆ. ಟೈಮ್ ಇಲ್ವಂತೆ.

ಮೇಷ್ಟ್ರ ಹೆಸರಲ್ಲಿ ನಾವು ಹಳೆಯ ವಿದ್ಯಾರ್ಥಿಗಳು ಒಂದು ಚರ್ಚಾಸ್ಪರ್ಧೆ ಶುರು ಮಾಡುತ್ತಿದ್ದೇವೆ. ಪಕ್ಷವನ್ನು ಅಲ್ಲೇ ಚೀಟಿ ಎತ್ತಿ ಕೊಡುವುದು. ಯಾರದೇ ಮಾತು ಹೇಳಿದರೂ ಅದನ್ನು ಕೇಳಿದವರು ಯಾರು, ಬರೆದದ್ದು ಯಾವಾಗ ಎಂದೂ ಹೇಳಬೇಕು. ಮರುಉತ್ತರಕ್ಕೆ ಎರಡು ನಿಮಿಷ. ಹೀಗಾದರೆ ಮಕ್ಕಳು ಬರಲ್ಲ ಎಂದು ಸಮಿತಿಯಲ್ಲಿ ಗೊಣಗಾಟ ಇದೆ. ನಾಲ್ಕು ಜನ ಬಂದರೆ ಸಾಕು ಎನ್ನುವುದು ನನ್ನ ವಾದ. ಶಿವಪುರದ ಆ ಹುಡುಗಿ, ಈಗ ಅಜ್ಜಿ, ತೀರ್ಪುಗಾರರಾಗಿ ಬರಲು ಒಪ್ಪಿದ್ದಾರೆ.