ಗುಂಡು ಗೋಡೆಗೆ ತಾಗದ ದಿನ

ನಮ್ಮ ಸೈಟಿಗೆ ಹೊಸದಾಗಿ ಬಂದಿರುವ ಹುಡುಗ ಮೊನ್ನೆ, ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರದಲ್ಲಿ ಇಳಿಬಿಡುವ ತೂಕದ ಗುಂಡನ್ನು ಕೈಯಲ್ಲಿ ಹಿಡಿದುಕೊಂಡು, "ಇದು ಸರಿಯಾಗಿ ತೋರಿಸುತ್ತಿಲ್ಲ, ಗೋಡೆ ನೇರವಾಗಿಯೇ ಇದೆ" ಎಂದ. ಇದೇ ಮಾತನ್ನು ನಾನೂ ಒಮ್ಮೆ ಹೇಳಿದ್ದೆ, ಅದೂ ನಾಲ್ಕು ಜನರ ಎದುರಿಗೆ. ವರ್ಷಗಳು ಉರುಳಿದರೂ ಆ ದಿನ ನೆನಪಾದಾಗ ಕಿವಿ ಬಿಸಿಯಾಗುತ್ತದೆ.

ಆಗ ನಾನು ಇಟ್ಟಿಗೆ ಹೊರುವುದು, ಗಾರೆ ಕಲಸುವುದು ಮುಗಿಸಿ ಕರಣೆ ಹಿಡಿದು ಐದಾರು ತಿಂಗಳಾಗಿತ್ತು. ಮೇಸ್ತ್ರಿಗಳು ವಯಸ್ಸಾದವರು. ಹೆಚ್ಚು ಮಾತಿಲ್ಲ, ಗದರಿಕೆಯೂ ಇಲ್ಲ. ಅಂದು ಬೆಳಿಗ್ಗೆ ಹೊರಗೋಡೆಯ ಒಂದು ಮೂಲೆ ತೋರಿಸಿ, "ತಮ್ಮಾ, ಇವತ್ತು ಮೂಲೆ ನೀನು ಎತ್ತು" ಎಂದರು. ಗಾರೆ ಕೆಲಸದವರಿಗೆ ಇದರ ತೂಕ ಗೊತ್ತು. ಎರಡು ಮೂಲೆ ಎತ್ತಿ, ನಡುವೆ ದಾರ ಕಟ್ಟಿ, ಆ ದಾರ ನೋಡಿಕೊಂಡು ಉಳಿದವರು ಗೋಡೆ ತುಂಬುತ್ತಾರೆ. ಮೂಲೆ ವಾಲಿದರೆ ದಾರವೂ ವಾಲುತ್ತದೆ, ದಾರದ ಹಿಂದೆ ಇಡೀ ಗೋಡೆ ಹೋಗುತ್ತದೆ.

ಮೊದಲ ನಾಲ್ಕು ವರಸೆ, ಅಂದರೆ ಇಟ್ಟಿಗೆಯ ಸಾಲು, ಚೆನ್ನಾಗಿಯೇ ಬಂದವು. ಗುಂಡು ಇಳಿಬಿಟ್ಟು ನೋಡಿದೆ. ದಾರ ತೂರಿಸಿದ ಮರದ ಬಿಲ್ಲೆಯನ್ನು ಮೇಲಿನ ಇಟ್ಟಿಗೆಗೆ ಒತ್ತಿ ಹಿಡಿದರೆ, ಕೆಳಗೆ ಗುಂಡು ಗೋಡೆಗೆ ತಾಗಿಯೂ ತಾಗದಂತೆ ನಿಂತಿತು. ಬಿಲ್ಲೆಯ ಅಗಲವೂ ಗುಂಡಿನ ಅಗಲವೂ ಒಂದೇ ಆಗಿರುವುದರಿಂದ, ಗೋಡೆ ತೂಕದಲ್ಲಿದ್ದರೆ, ಅಂದರೆ ನೆಟ್ಟಗಿದ್ದರೆ, ಹಾಗೆಯೇ ನಿಲ್ಲಬೇಕು.

ಆದರೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಮೂಲೆ ಒಳಕ್ಕೆ ವಾಲಿದ ಹಾಗೆ ಕಂಡಿತು. ಕಣ್ಣು ಕಿರಿದು ಮಾಡಿ ನೋಡಿದೆ, ಪಕ್ಕದಿಂದ ನೋಡಿದೆ, ಬಗ್ಗಿ ನೋಡಿದೆ. ಎಲ್ಲಿಂದ ನೋಡಿದರೂ ಒಳಕ್ಕೆ ವಾಲಿದಂತೆಯೇ. ನನ್ನ ಕಣ್ಣು ಒಳ್ಳೆಯದು ಎಂದು ಹಲವರು ಹೇಳಿದ್ದರು, ನಾನೂ ನಂಬಿದ್ದೆ. ಐದನೇ ವರಸೆಯ ಇಟ್ಟಿಗೆಯನ್ನು ಒಂದು ಕೂದಲೆಳೆಯಷ್ಟು ಹೊರಕ್ಕೆ ಕೂರಿಸಿದೆ, ಆರನೆಯದನ್ನೂ ಹಾಗೆಯೇ. ಎಂಟನೇ ವರಸೆಗೆ ಮತ್ತೆ ಗುಂಡು ಬಿಟ್ಟಾಗ ಅದು ಗೋಡೆಯಿಂದ ಸ್ವಲ್ಪ ದೂರ ನಿಂತಿತು. ಗಾಳಿ ಇತ್ತು, ಗುಂಡು ತೂಗಾಡುತ್ತಿತ್ತು. ಗಾಳಿಯದೇ ಕೆಲಸ ಎಂದುಕೊಂಡು ದಾರ ಸುತ್ತಿ ಪಕ್ಕಕ್ಕಿಟ್ಟೆ. ನನ್ನ ತಪ್ಪು ಅಲ್ಲಿಯೇ ಇತ್ತು. ತೂಗಾಟ ನಿಲ್ಲುವವರೆಗೆ ಕಾಯಲಿಲ್ಲ. ಗುಂಡನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ತೂಗಾಟ ನಿಲ್ಲಿಸಿ, ಮೇಲಿನ ದಾರಕ್ಕೂ ಗೋಡೆಗೂ ಇರುವ ಅಂತರವನ್ನು ಅಳೆಯಬಹುದಿತ್ತು, ಅದನ್ನೂ ಮಾಡಲಿಲ್ಲ. ಗುಂಡು ನನ್ನ ಕಣ್ಣಿನ ಜೊತೆ ಸಮ್ಮತಿಸಿದಾಗ ನಂಬಿದೆ, ಸಮ್ಮತಿಸದಿದ್ದಾಗ ಗಾಳಿಯ ಮೇಲೆ ಹಾಕಿದೆ.

ಹನ್ನೆರಡನೇ ವರಸೆ ಮುಗಿಯುವ ಹೊತ್ತಿಗೆ ಮೂಲೆ ನನ್ನ ಕಣ್ಣಿಗೆ ತುಂಬ ಅಂದವಾಗಿ ಕಾಣುತ್ತಿತ್ತು. ಆಚೆ ಮೂಲೆಯವರು ದಾರ ಹಿಡಿದು ಕಾಯುತ್ತಿದ್ದರು. ಸೈಟ್ ಎಂಜಿನಿಯರ್ ಕೂಡ ಬಂದು ನಿಂತಿದ್ದರು. ಮೇಸ್ತ್ರಿಗಳು ಹತ್ತಿರ ಬಂದರು. ಗೋಡೆಯ ಕಡೆ ಕಣ್ಣು ಹಾಯಿಸಲೂ ಇಲ್ಲ, ನೇರವಾಗಿ ಗುಂಡು ತೆಗೆದು ಇಳಿಬಿಟ್ಟರು. ಅಂಗೈಯಿಂದ ಮೆಲ್ಲಗೆ ಮುಟ್ಟಿ ತೂಗಾಟ ನಿಲ್ಲಿಸಿದರು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಗುಂಡಿಗೂ ಗೋಡೆಗೂ ನಡುವೆ ತೂರಿಸಿದರು. ಪೆನ್ಸಿಲ್ ಸರಾಗವಾಗಿ ಒಳಗೆ ಹೋಯಿತು, ಮೇಲೆ ಇನ್ನೂ ಸ್ವಲ್ಪ ಜಾಗವಿತ್ತು. ಅಳೆದರೆ 8 ಮಿಲಿಮೀಟರ್.

ಯಾರೂ ಮಾತಾಡಲಿಲ್ಲ. ಆ ಮೌನ ತಡೆಯಲಾಗದೆ ನಾನೇ ಬಾಯಿ ಬಿಟ್ಟೆ. "ಗುಂಡೇ ಸರಿಯಿಲ್ಲ ಮೇಸ್ತ್ರಿಗಳೇ. ಗೋಡೆ ನೇರ ಇದೆ, ನೀವೇ ನೋಡಿ."

ಅವರು ಬೈಯುತ್ತಾರೆ ಎಂದುಕೊಂಡೆ. ಅವರು, "ಇರಬಹುದು, ನೋಡೋಣ ಬಾ" ಎಂದರು. ಗುಂಡು, ಬಿಲ್ಲೆ ಎರಡನ್ನೂ ನೇರ ಅಂಚಿನ ಹಲಗೆಯೊಂದರ ಪಕ್ಕ ಇಟ್ಟು, ಎರಡೂ ಅಂಚಿಗೆ ಸಮನಾಗಿ ತಾಗುತ್ತವೆಯೇ, ಅಗಲ ಒಂದೇ ಇದೆಯೇ ಎಂದು ನೋಡಲು ನನಗೇ ಹೇಳಿದರು. ಒಂದೇ ಇತ್ತು. ಬಿಲ್ಲೆಯ ಮೇಲೆ ಗಾರೆ ಒಣಗಿ ಅಂಟಿದ್ದರೆ ದಾರ ಅಷ್ಟು ಹೊರಗೆ ಸರಿಯುತ್ತದೆ ಎಂದು ಉಗುರಿನಿಂದ ಕೆರೆದು ತೋರಿಸಿದರು. ಅಂಥದ್ದೇನೂ ಇರಲಿಲ್ಲ. ಬಿಲ್ಲೆಯನ್ನು ತಿರುಗಿಸಿ ಇನ್ನೊಂದು ಅಂಚನ್ನು ಗೋಡೆಗೆ ಒತ್ತಿ ಮತ್ತೆ ಇಳಿಬಿಡಿಸಿದರು. ಮತ್ತೆ ಅಷ್ಟೇ ಅಂತರ.

"ಈಗ ಅಲ್ಲಿ ಬಿಡು" ಎಂದು ಮೂಲೆಯ ಪಕ್ಕದ ಸಾರುವೆ ಕಂಬ ತೋರಿಸಿದರು. ಕಂಬದ ಮೇಲ್ತುದಿಯಲ್ಲಿ ಬಿಲ್ಲೆ ಹಿಡಿದು ದಾರ ಬಿಟ್ಟೆ. ಗುಂಡು ಕೆಳಗಿಳಿಯುತ್ತ ಕಂಬದಿಂದ ದೂರ ದೂರ ಸರಿದು, ಬುಡದ ಹತ್ತಿರ ಒಂದು ಗೇಣಿನಷ್ಟು ಆಚೆ ನಿಂತಿತು. ಕಂಬ ಹೊರಕ್ಕೆ ವಾಲಿತ್ತು. ಅದು ವಾಲಿರುವುದರಲ್ಲಿ ತಪ್ಪಿಲ್ಲ, ಸಾರುವೆ ಕಂಬವನ್ನು ಯಾರೂ ತೂಕ ನೋಡಿ ನಿಲ್ಲಿಸುವುದಿಲ್ಲ. ಆದರೆ ಬೆಳಗಿನಿಂದ ನನ್ನ ಕಣ್ಣು ಗೋಡೆಯನ್ನು ಅಳೆಯುತ್ತಿದ್ದುದು ಆ ಕಂಬದ ಜೊತೆ. ಹೊರಕ್ಕೆ ವಾಲಿದ ಕಂಬದ ಪಕ್ಕ ನೆಟ್ಟಗಿದ್ದ ಗೋಡೆ ಒಳಕ್ಕೆ ವಾಲಿದಂತೆ ಕಂಡಿತ್ತು. ಅದನ್ನು ಸರಿಪಡಿಸಲು ಹೋಗಿ ವರಸೆಗೆ ಒಂದು ಮಿಲಿಮೀಟರಿನಂತೆ ಎಂಟು ವರಸೆಯಲ್ಲಿ ಎಂಟು ಮಿಲಿಮೀಟರ್ ಹೊರಕ್ಕೆ ತಂದಿದ್ದೆ.

ಎಂಜಿನಿಯರ್ ಗಡಿಯಾರ ನೋಡಿಕೊಂಡು, "ಬಿಡಿ, ಪ್ಲಾಸ್ಟರಿಂಗ್‌ನಲ್ಲಿ ಮುಚ್ಚಿಹೋಗುತ್ತದೆ" ಎಂದರು. ಈ ಮಾತನ್ನು ನಾನು ಆಮೇಲೆ ಎಷ್ಟು ಸೈಟುಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ, ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಗೋಡೆ ಕಟ್ಟುವಾಗ ಉಳಿಸಿದ ಒಂದು ಗಂಟೆಯನ್ನು ಪ್ಲಾಸ್ಟರಿನವರು ಎರಡು ದಿನ ತೀರಿಸುತ್ತಾರೆ, ಅದು ಯಾರ ಲೆಕ್ಕದಲ್ಲಿಯೂ ಬರುವುದಿಲ್ಲ. 8 ಮಿಲಿಮೀಟರನ್ನು ಪ್ಲಾಸ್ಟರ್ ಮುಚ್ಚುತ್ತದೆ, ಅದು ನಿಜ. ಮೇಸ್ತ್ರಿಗಳು ನೋಡುತ್ತಿದ್ದುದು ಮುಂದಿನದನ್ನು. ವರಸೆಗೆ 10 ಸೆಂಟಿಮೀಟರ್ ಲೆಕ್ಕದಲ್ಲಿ 3 ಮೀಟರ್ ಗೋಡೆಗೆ ಮೂವತ್ತು ವರಸೆ. ನನ್ನ ಕಣ್ಣನ್ನೇ ನಂಬಿ ಮೇಲೆ ಹೋಗಿದ್ದರೆ ತುದಿಯಲ್ಲಿ 26 ಮಿಲಿಮೀಟರ್ ಹೊರಬರುತ್ತಿತ್ತು. ಅದನ್ನು ಪ್ಲಾಸ್ಟರಿನಲ್ಲಿ ತೂಕಕ್ಕೆ ತರಲು ಮೇಲೆ 12 ಮಿಲಿಮೀಟರ್ ಬಳಿದರೆ ಬುಡದಲ್ಲಿ 38 ಬಳಿಯಬೇಕು. ಅಷ್ಟು ದಪ್ಪ ಗಾರೆಯನ್ನು ಒಂದೇ ಸಲಕ್ಕೆ ಹಾಕಿದರೆ ತನ್ನ ಭಾರಕ್ಕೇ ಜಾರುತ್ತದೆ, ಜಾರದಿದ್ದರೆ ಒಣಗುವಾಗ ಬಿರುಕು ಬಿಡುತ್ತದೆ.

ನಾನು ಕರಣೆಯ ಹಿಡಿಯಿಂದ ಇಟ್ಟಿಗೆಗಳನ್ನು ಒಳಕ್ಕೆ ತಟ್ಟಲು ಹೋದೆ. ಮೇಸ್ತ್ರಿಗಳು ಕೈ ಹಿಡಿದರು. ಐದನೇ ವರಸೆ ಹಾಕಿ ಬಹಳ ಹೊತ್ತಾಗಿತ್ತು. ಆ ವರಸೆಯ ತುದಿಯ ಒಂದು ಇಟ್ಟಿಗೆಯನ್ನು ಅವರು ಬೇಕೆಂದೇ ತಟ್ಟಿ ಸರಿಸಿ, ಕಿತ್ತು ನನ್ನ ಕೈಗಿಟ್ಟರು. ಗಾರೆ ಇಟ್ಟಿಗೆಯ ತಳದಿಂದ ಬಿಸ್ಕತ್ತಿನಂತೆ ಪದರವಾಗಿ ಬಿಟ್ಟುಕೊಂಡಿತ್ತು. ಬಿಗಿಯಲು ಶುರುವಾದ ಗಾರೆಯನ್ನು ಒಮ್ಮೆ ಅಲುಗಿಸಿದರೆ ಮತ್ತೆ ಹಿಡಿಯುವುದಿಲ್ಲ. ಹೊರಗಿನಿಂದ ಗೋಡೆ ನೇರವಾಗಿ ಕಾಣುತ್ತದೆ, ಒಳಗೆ ಇಟ್ಟಿಗೆಗಳು ಸುಮ್ಮನೆ ಒಂದರ ಮೇಲೊಂದು ಕುಳಿತಿರುತ್ತವೆ. ತಟ್ಟುವುದಿದ್ದರೆ ಇಟ್ಟಿಗೆ ಕೂರಿಸಿದ ಆ ಕ್ಷಣದಲ್ಲಿ ಮಾತ್ರ.

ಎಂಟು ವರಸೆ ಇಳಿಸಿದೆ. ಒಂದೊಂದು ಇಟ್ಟಿಗೆಯನ್ನೂ ಕೆರೆದು, ಒದ್ದೆ ಮಾಡಿ ಜೋಡಿಸಿಟ್ಟೆ. ಎಲ್ಲರೂ ನೋಡುತ್ತಿದ್ದರು. ಮಧ್ಯಾಹ್ನ ಮತ್ತೆ ಐದನೇ ವರಸೆಯಿಂದ ಶುರು. ಈ ಸಲ ಮೇಸ್ತ್ರಿಗಳು ಪ್ರತಿ ವರಸೆಗೂ ಗುಂಡು ಬಿಡಿಸಿದರು, ಮೂಲೆಯ ಎರಡೂ ಮುಖಕ್ಕೆ. ಗುಂಡು ಗೋಡೆಗೆ ಅಂಟಿಕೊಂಡಂತೆ ಕಂಡರೆ ಅಲ್ಲಿಗೇ ಸಮಾಧಾನಪಡಬಾರದು ಎಂದೂ ಆಗಲೇ ಕಲಿಸಿದರು. ಬುಡ ಹೊರಗಿದ್ದರೆ ಗುಂಡು ಗೋಡೆಗೆ ಒರಗಿ ನಿಲ್ಲುತ್ತದೆ, ಅದೂ ತಾಗಿದಂತೆಯೇ ಕಾಣುತ್ತದೆ. ಬಿಲ್ಲೆಯನ್ನು ದಾರದ ದಪ್ಪದಷ್ಟು ಗೋಡೆಯಿಂದ ಹಿಂದಕ್ಕೆ ಎಳೆದರೆ ಗುಂಡು ತಕ್ಷಣ ಬಿಟ್ಟುಕೊಳ್ಳಬೇಕು. ಬಿಟ್ಟುಕೊಳ್ಳದಿದ್ದರೆ ಅದು ಒರಗಿದೆ ಎಂದೇ ಅರ್ಥ.

ಹನ್ನೆರಡನೇ ವರಸೆ ಅಡ್ಡಕ್ಕೆ ಸಮಮಟ್ಟದಲ್ಲಿದೆಯೇ ಎಂದು ನೋಡಲು ಅದರ ಮೇಲೆ ರಸಮಟ್ಟ ಇಟ್ಟೆ. ಗುತ್ತಿಗೆದಾರರು ತಂದುಕೊಟ್ಟಿದ್ದ 60 ಸೆಂಟಿಮೀಟರಿನದು, ಸಾರುವೆಯಿಂದ ಅದೆಷ್ಟು ಸಲ ಬಿದ್ದಿತ್ತೋ. ಅದರೊಳಗಿನ ಗಾಳಿಗುಳ್ಳೆ ಎರಡು ಗೆರೆಗಳ ನಡುವೆ ನಿಂತಿತು. ಬೆಳಗಿನ ಅವಮಾನ ಇನ್ನೂ ಹಸಿಯಾಗಿತ್ತು. ಉಪಕರಣ ಹೇಳಿದ್ದನ್ನು ಕಣ್ಣುಮುಚ್ಚಿ ಒಪ್ಪಿಕೊಂಡು, "ಮಟ್ಟ ಸರಿ ಇದೆ" ಎಂದೆ.

ಮೇಸ್ತ್ರಿಗಳು ರಸಮಟ್ಟವನ್ನು ಎತ್ತಿ, ತುದಿ ಅದಲು ಬದಲು ಮಾಡಿ ಅದೇ ಜಾಗದಲ್ಲಿ ಇಟ್ಟರು. ಗುಳ್ಳೆ ಒಂದು ಕಡೆಗೆ ಓಡಿತು. ನನಗೆ ದಿಕ್ಕೇ ತೋಚಲಿಲ್ಲ. ಗೋಡೆ ಅದೇ, ರಸಮಟ್ಟ ಅದೇ, ಉತ್ತರ ಮಾತ್ರ ಎರಡು. ಅವರು ತಗಡಿನ ಚೂರುಗಳನ್ನು ಒಂದೊಂದಾಗಿ ತುದಿಯ ಕೆಳಗೆ ತೂರಿಸುತ್ತ ಹೋದರು. ಗುಳ್ಳೆ ನಡುವಿಗೆ ಬರಲು 4 ಮಿಲಿಮೀಟರ್ ಬೇಕಾಯಿತು. ಅದರಲ್ಲಿ ಅರ್ಧ ಗೋಡೆಯದು, ಅರ್ಧ ರಸಮಟ್ಟದ್ದು. ಅಂದರೆ ಆ ರಸಮಟ್ಟ 60 ಸೆಂಟಿಮೀಟರಿಗೆ 2 ಮಿಲಿಮೀಟರ್ ತಪ್ಪು ತೋರಿಸುತ್ತಿತ್ತು. ಅದನ್ನೇ ನಂಬಿಕೊಂಡು 3 ಮೀಟರ್ ಸಾಗಿದರೆ ಆಚೆ ಮೂಲೆ 10 ಮಿಲಿಮೀಟರ್ ಮೇಲೋ ಕೆಳಗೋ ಆಗಿರುತ್ತದೆ.

"ಬೆಳಿಗ್ಗೆ ನೀನು ಗುಂಡನ್ನು ಪರೀಕ್ಷೆ ಮಾಡದೆ ಸುಳ್ಳು ಎಂದೆ. ಈಗ ಇದನ್ನು ಪರೀಕ್ಷೆ ಮಾಡದೆ ನಿಜ ಎಂದೆ" ಎಂದರು ಮೇಸ್ತ್ರಿಗಳು. ಆ ದಿನ ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಆಮೇಲೆ ನೀರಿನ ಪೈಪ್ ತರಿಸಿ, ಒಳಗಿದ್ದ ಗಾಳಿಗುಳ್ಳೆಗಳನ್ನು ಬಿಡಿಸಿ, ಎರಡು ಮೂಲೆಗೂ ಒಂದೇ ಮಟ್ಟದ ಗುರುತು ಹಾಕಿಸಿದರು. ಹೊಸ ರಸಮಟ್ಟ ಬೇಕೆಂದು ಗುತ್ತಿಗೆದಾರರಿಗೆ ಹೇಳಿ ಕಳಿಸಿದರು. ಆ ಕೆಲಸ ಮುಗಿಯುವವರೆಗೂ ಅದು ಬರಲಿಲ್ಲ. ಹಳೆಯದನ್ನೇ ಪ್ರತಿ ಸಲ ತಿರುಗಿಸಿ ಇಟ್ಟು, ಎರಡು ಉತ್ತರಗಳ ನಡುವಿನದನ್ನು ಹಿಡಿದು ಕೆಲಸ ಮಾಡಿದೆವು.

ಸಂಜೆಗೆ ಮೂಲೆ ಹನ್ನೆರಡು ವರಸೆ ಎದ್ದು ನಿಂತಿತ್ತು. ಗುಂಡು ಎಲ್ಲ ಕಡೆಯೂ ತಾಗಿಯೂ ತಾಗದಂತೆ ನಿಂತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಕಂಬ ವಾಲಿದೆ ಎಂದು ಗೊತ್ತಿತ್ತು, ನನ್ನ ಕೈಯಾರೆ ಅಳೆದಿದ್ದೆ. ಆದರೂ ಗೋಡೆ ಒಳಕ್ಕೆ ವಾಲಿದಂತೆಯೇ ಕಂಡಿತು. ಮರುದಿನವೂ ಹಾಗೆಯೇ ಕಂಡಿತು, ಮೂವತ್ತನೇ ವರಸೆಯವರೆಗೂ. ಪ್ರತಿ ವರಸೆಯಲ್ಲಿಯೂ ಕೈ ಇಟ್ಟಿಗೆಯನ್ನು ಹೊರಕ್ಕೆ ತಳ್ಳಲು ತವಕಿಸುತ್ತಿತ್ತು, ಪ್ರತಿ ಸಲವೂ ಗುಂಡು ನೋಡಿ ಸುಮ್ಮನಾಗುತ್ತಿದ್ದೆ.

ಕೆಲವು ವಾರಗಳ ನಂತರ ಸಾರುವೆ ಬಿಚ್ಚಿದರು. ಮೂಲೆಯ ಪಕ್ಕದ ಕಂಬ ಇಳಿಸುವಾಗ ಮೇಸ್ತ್ರಿಗಳು ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಕಂಬ ಹೋಯಿತು. ಗೋಡೆ ನೆಟ್ಟಗೆ ನಿಂತಿತ್ತು.