ಎರಡು ಸೆಕೆಂಡಿನ ನಮಸ್ಕಾರ

ಉದ್ಯಾನದ ಸುತ್ತಲಿನ ದಾರಿಯಲ್ಲಿ ಯಾರಿಗೆ ಯಾರ ಪರಿಚಯವಾಗುತ್ತದೆ ಎಂಬುದು ಅವರವರ ಸ್ವಭಾವಕ್ಕಿಂತ ಹೆಚ್ಚಾಗಿ ಅವರು ಸುತ್ತುವ ದಿಕ್ಕಿನ ಮೇಲೆ ನಿಂತಿರುತ್ತದೆ. ಒಂದೇ ದಿಕ್ಕಿನಲ್ಲಿ ಒಂದೇ ವೇಗದಿಂದ ನಡೆಯುವ ಇಬ್ಬರು ವರ್ಷಗಟ್ಟಲೆ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡುತ್ತಿರಬಹುದು, ಅಥವಾ ಅದನ್ನೂ ನೋಡದೆ ಇರಬಹುದು. ಎದುರುಬದುರು ದಿಕ್ಕಿನಲ್ಲಿ ನಡೆಯುವವರಾದರೋ ಪ್ರತಿ ಸುತ್ತಿಗೂ ಎರಡು ಬಾರಿ ಮುಖಾಮುಖಿಯಾಗಲೇಬೇಕು. ನಾನು ಪ್ರದಕ್ಷಿಣವಾಗಿ ನಡೆಯುವವನು. ಹಾಗಾಗಿ ಬೆಳಗಿನ ನಡಿಗೆಯಿಂದ ನನಗೆ ದೊರೆತ ಪರಿಚಯಗಳೆಲ್ಲವೂ ಅಪ್ರದಕ್ಷಿಣವಾಗಿ ಬರುವವರದೇ.

ಅವರಲ್ಲೊಬ್ಬರು ಹಿಂದಿನ ಬೀದಿಯ ಹಿರಿಯರು. ಬಲಗೈಯಲ್ಲಿ ಊರುಗೋಲು ಹಿಡಿದು, ಅದರ ಮೇಲೆ ಭಾರ ಹಾಕದೆ, ಜೊತೆಗಿರಲಿ ಎಂಬಂತೆ ನಡೆಯುತ್ತಿದ್ದರು. ಬಹಳ ಕಾಲ ನಮ್ಮದು ಬರೀ ಮುಖಪರಿಚಯ. ಇಂಥ ಸಂಬಂಧವನ್ನು ಅಮೆರಿಕದ ಮನೋವಿಜ್ಞಾನಿ ಸ್ಟಾನ್ಲಿ ಮಿಲ್‌ಗ್ರಾಂ 1972ರಲ್ಲಿ ವಿವರಿಸಿದ್ದರು. ದಿನವೂ ಒಂದೇ ನಿಲ್ದಾಣದಲ್ಲಿ ರೈಲಿಗೆ ಕಾಯುವವರಿಗೆ ಪರಸ್ಪರರ ಮುಖ ಚೆನ್ನಾಗಿ ಗೊತ್ತಿರುತ್ತದೆ, ಆದರೆ ಮಾತಿಲ್ಲ. ಈ ಮೌನ ಹಳೆಯದಾದಷ್ಟೂ ಅದನ್ನು ಮುರಿಯುವುದು ಕಷ್ಟವಾಗುತ್ತದೆ, ಎಷ್ಟೆಂದರೆ ಪೂರಾ ಅಪರಿಚಿತನನ್ನು ಮಾತನಾಡಿಸುವುದೇ ಅದಕ್ಕಿಂತ ಸುಲಭವೆನಿಸುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ನನ್ನ ಅನುಭವವೂ ಹಾಗೆಯೇ ಇತ್ತು. ಮೊದಲ ವಾರದಲ್ಲಿ ನಮಸ್ಕಾರ ಹೇಳದವನು ಆರನೆಯ ತಿಂಗಳಲ್ಲಿ ಏಕಾಏಕಿ ಹೇಳಿದರೆ, ಇಷ್ಟು ದಿನ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಅದರ ಜೊತೆಗೇ ಹುಟ್ಟಿಕೊಳ್ಳುತ್ತದೆ.

ಇಂಥ ಮೌನ ಮುರಿಯಲು ಇಬ್ಬರಿಗೂ ಸೇರದ, ಹೊರಗಿನದೊಂದು ನೆಪ ಬೇಕು. ನಮಗೆ ಅದನ್ನು ಒದಗಿಸಿದ್ದು ರಾತ್ರಿ ಸುರಿದ ಮಳೆ. ಮರದ ಕೊಂಬೆಯೊಂದು ದಾರಿಗೆ ಅಡ್ಡಲಾಗಿ ಬಿದ್ದಿತ್ತು. ಅದರ ಆ ಬದಿಗೆ ಅವರು, ಈ ಬದಿಗೆ ನಾನು. ಅವರು ಊರುಗೋಲಿನಿಂದ ಎಲೆಗಳ ಗೊಂಚಲನ್ನು ಒತ್ತಿ ಹಿಡಿದು, “ಬನ್ನಿ, ನಿಧಾನ, ಜಾರುತ್ತೆ” ಎಂದರು. ನಾನು ದಾಟಿ, ನಂತರ ಕೊಂಬೆಯನ್ನು ಎತ್ತಿ ಹಿಡಿದೆ, ಅವರು ದಾಟಿದರು. ಅಷ್ಟೇ ನಡೆದದ್ದು. ಮರುದಿನ ಕೊಂಬೆ ಇರಲಿಲ್ಲ, ಆದರೆ ತಲೆಯಾಡಿಸದೆ ಮುಂದೆ ಹೋಗುವುದು ಇಬ್ಬರಿಗೂ ಸಾಧ್ಯವಾಗಲಿಲ್ಲ.

ಎದುರಿಗೆ ಬರುವವರಿಗೆ ನಮಸ್ಕರಿಸುವುದು ಹೊರಗಿನಿಂದ ನೋಡುವವರಿಗೆ ತೀರಾ ಸರಳವಾಗಿ ಕಾಣುತ್ತದೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಎದುರುಬದುರು ನಡೆಯುವ ಇಬ್ಬರ ನಡುವೆ 30 ಮೀಟರ್ ಅಂತರವಿದೆ ಎಂದುಕೊಂಡರೆ, ಒಬ್ಬರನ್ನೊಬ್ಬರು ಹಾಯಲು ಅವರಿಗೆ ಹತ್ತು ಹನ್ನೊಂದು ಸೆಕೆಂಡು ಬೇಕು. ನಮಸ್ಕಾರಕ್ಕೆ ಎರಡು ಸೆಕೆಂಡು ಸಾಕು. ಉಳಿದ ಎಂಟೊಂಬತ್ತು ಸೆಕೆಂಡು ಕಣ್ಣನ್ನು ಎಲ್ಲಿಡುವುದು ಎಂಬುದೇ ನಿಜವಾದ ತೊಡಕು. ದೂರದಿಂದಲೇ ನಕ್ಕುಬಿಟ್ಟರೆ ಹತ್ತಿರ ಬರುವ ತನಕ ಆ ನಗುವನ್ನು ಹೊತ್ತುಕೊಂಡೇ ನಡೆಯಬೇಕು. ಕೊನೆಯ ಹೆಜ್ಜೆಯವರೆಗೂ ಬೇರೆಡೆ ನೋಡುತ್ತಿದ್ದರೆ ಬೇಕೆಂದೇ ತಪ್ಪಿಸಿಕೊಂಡಂತೆ ತೋರುತ್ತದೆ. ಆಡಂ ಕೆಂಡನ್ ಮತ್ತು ಆಂಡ್ರ್ಯೂ ಫರ್ಬರ್ ಎಂಬ ಸಂಶೋಧಕರು ಜನ ಪರಸ್ಪರ ಎದುರುಗೊಳ್ಳುವ ಬಗೆಯನ್ನು ಚಿತ್ರೀಕರಿಸಿ ನೋಡಿ, 1973ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ದೂರದಿಂದ ಒಂದು ಗುರುತಿನ ಸನ್ನೆ, ಬಳಿಕ ಸಮೀಪಿಸುವಾಗ ನೋಟವನ್ನು ಬೇರೆಡೆಗೆ ತಿರುಗಿಸುವುದು, ತೀರಾ ಹತ್ತಿರ ಬಂದಾಗ ಮತ್ತೆ ಕಣ್ಣು ಸೇರಿಸಿ ನಿಜವಾದ ನಮಸ್ಕಾರ: ಈ ಕ್ರಮ ಅವರಿಗೆ ಕಂಡುಬಂತು.

ನಮ್ಮ ಹಿರಿಯರಲ್ಲಿ ಮೊದಲ ಸನ್ನೆಯ ಕೆಲಸವನ್ನು ಊರುಗೋಲು ಮಾಡುತ್ತಿತ್ತು. ಇಪ್ಪತ್ತು ಹೆಜ್ಜೆ ದೂರವಿರುವಾಗಲೇ ಅವರು ಕೋಲನ್ನು ಬಲಗೈಯಿಂದ ಎಡಗೈಗೆ ವರ್ಗಾಯಿಸಿ, ಬಲಗೈಯನ್ನು ತೆರವು ಮಾಡಿಕೊಂಡು, ಏನೂ ಆಗದವರಂತೆ ಪಕ್ಕದ ಮರಗಳನ್ನು ನೋಡುತ್ತ ಬರುತ್ತಿದ್ದರು. ನಾಲ್ಕು ಹೆಜ್ಜೆ ಉಳಿದಾಗ ಮುಖ ಈ ಕಡೆ ತಿರುಗುತ್ತಿತ್ತು, ಕೈ ಎದೆಯ ಮಟ್ಟಕ್ಕೆ ಏಳುತ್ತಿತ್ತು. ಹಾದುಹೋದ ಮೇಲೆ ಕೋಲು ಮತ್ತೆ ಬಲಗೈಗೆ ಮರಳುತ್ತಿತ್ತೆಂಬುದನ್ನು ಬಹಳ ದಿನಗಳ ನಂತರ ಒಮ್ಮೆ ಹಿಂದಿರುಗಿ ನೋಡಿದಾಗ ಗಮನಿಸಿದೆ. ಎದುರಿನವರಿಗಾಗಿ ಒಬ್ಬರು ಮುಂಚಿತವಾಗಿ ಕೈ ಖಾಲಿ ಮಾಡಿಟ್ಟುಕೊಳ್ಳುವುದು ನನ್ನ ಮಟ್ಟಿಗೆ ಆ ಕೈ ಮುಗಿಯುವುದಕ್ಕಿಂತಲೂ ದೊಡ್ಡ ಸೌಜನ್ಯ.

ಎರಡನೆಯ ಸುತ್ತಿನದು ಬೇರೆಯೇ ಸಮಸ್ಯೆ. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಅದೇ ವ್ಯಕ್ತಿ ಮತ್ತೆ ಎದುರಾಗುತ್ತಾರೆ. ಮತ್ತೊಮ್ಮೆ ಪೂರ್ಣ ನಮಸ್ಕಾರ ಹೇಳುವುದು ಅಣಕದಂತೆ ಕೇಳುತ್ತದೆ, ಹೇಳದಿರುವುದು ಒರಟುತನವಾಗುತ್ತದೆ. ಅಗಲಿಕೆಯ ಅವಧಿಗೆ ತಕ್ಕಂತೆ ಮರುಭೇಟಿಯ ನಮಸ್ಕಾರ ಹಿಗ್ಗುತ್ತದೆ, ಕುಗ್ಗುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಗುರುತಿಸಿದ್ದಾರೆ. ನಡಿಗೆಯ ದಾರಿಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮೊದಲ ಭೇಟಿಗೆ ಕೈ ಮತ್ತು ಮಾತು, ಎರಡನೆಯದಕ್ಕೆ ನಗು, ಮೂರನೆಯದಕ್ಕೆ ಹುಬ್ಬಿನ ಒಂದು ಚಲನೆ, ಆಮೇಲಿನದಕ್ಕೆ ಅದೂ ಬೇಡ ಎಂಬ ಒಪ್ಪಂದ ತಾನಾಗಿಯೇ ಏರ್ಪಡುತ್ತದೆ. ಇದು ಏರ್ಪಟ್ಟ ಮೇಲೆ, ಪರಸ್ಪರ ನೋಡದೆ ಹಾಯ್ದುಹೋದರೂ ತಪ್ಪು ತಿಳಿಯದಷ್ಟು ಸಲಿಗೆ ಬಂದಿರುತ್ತದೆ.

ಮರುನಮಸ್ಕಾರ ಬಾರದ ಸಂದರ್ಭಗಳೂ ಇವೆ, ಅವನ್ನು ಅವಸರದಿಂದ ಅಹಂಕಾರದ ಲೆಕ್ಕಕ್ಕೆ ಹಾಕಬಾರದು. ಅದೇ ದಾರಿಯಲ್ಲಿ ಬರುವ ಮತ್ತೊಬ್ಬ ನೆರೆಯವರು ನನ್ನ ತಲೆದೂಗುವಿಕೆಗೆ ಒಮ್ಮೆಯೂ ಸ್ಪಂದಿಸುತ್ತಿರಲಿಲ್ಲ. ಅವರು ನೇರವಾಗಿ ನನ್ನತ್ತಲೇ ನೋಡುತ್ತ ಬರುತ್ತಿದ್ದರು, ಅದೇ ನನಗೆ ವಿಚಿತ್ರವೆನಿಸುತ್ತಿತ್ತು. ಏಕೆಂದರೆ ತಪ್ಪಿಸಿಕೊಳ್ಳುವವರು ಮೊದಲು ಕಣ್ಣನ್ನು ತಪ್ಪಿಸುತ್ತಾರೆ. ಒಂದು ದಿನ ಗಟ್ಟಿಯಾಗಿ “ನಮಸ್ಕಾರ” ಎಂದಾಗ ಅವರು ಸಡಗರದಿಂದ ಕೈ ಮುಗಿದರು. ಬೆವರಿಗೆ ಮಸುಕಾಗುತ್ತದೆಂದು ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದರಂತೆ, ನಾಲ್ಕು ಹೆಜ್ಜೆಯಾಚೆಗಿನ ಮುಖ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಅಂದಿನಿಂದ ಅವರಿಗೆ ದನಿಯ ನಮಸ್ಕಾರ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರಿಗೆ ಕೈಯ ನಮಸ್ಕಾರ.

ಇಷ್ಟೆಲ್ಲ ಆದರೂ ಇದನ್ನು ಸ್ನೇಹವೆನ್ನಲು ಬರುವುದಿಲ್ಲ. ದಿನಕ್ಕೆ ಎರಡು ಸೆಕೆಂಡಿನಂತೆ ವರ್ಷವಿಡೀ ನಮಸ್ಕರಿಸಿದರೂ ಒಟ್ಟು ಕಾಲ ಸುಮಾರು 12 ನಿಮಿಷ. ಪರಿಚಿತರು ಸಾಧಾರಣ ಸ್ನೇಹಿತರಾಗಲು ಸುಮಾರು 50 ಗಂಟೆ, ಆಪ್ತರಾಗಲು 200 ಗಂಟೆಗೂ ಹೆಚ್ಚು ಒಡನಾಟ ಬೇಕಾಗುತ್ತದೆಂದು ಜೆಫ್ರಿ ಹಾಲ್ ಎಂಬ ಸಂವಹನ ಸಂಶೋಧಕರು 2018ರಲ್ಲಿ ಅಂದಾಜಿಸಿದರು. ಬರೀ ನಮಸ್ಕಾರಗಳನ್ನು ಕೂಡಿಸುತ್ತ ಹೋದರೆ ಆ ಮೊದಲ 50 ಗಂಟೆ ತುಂಬಲು ಹತ್ತಿರ ಹತ್ತಿರ 250 ವರ್ಷ ಹಿಡಿಯುತ್ತದೆ. ನಮ್ಮ ಹಿರಿಯರ ಬಳಿಯಾಗಲಿ ನನ್ನ ಬಳಿಯಾಗಲಿ ಅಷ್ಟು ಸಮಯವಿರಲಿಲ್ಲ. ಹಾಗಾದರೆ ನಮಸ್ಕಾರ ಮಾಡುವ ಕೆಲಸವಾದರೂ ಏನು? ಅದು ಇಬ್ಬರ ನಡುವೆ ಒಂದು ಹಾಜರಿ ಪುಸ್ತಕವನ್ನು ತೆರೆಯುತ್ತದೆ ಎಂದು ನನಗೆ ಹೊಳೆದದ್ದು, ಅದರಲ್ಲಿ ಮೊದಲ ಗೈರುಹಾಜರಿ ಬಿದ್ದಾಗ.

ಒಂದು ಸೋಮವಾರ ಅವರು ಬರಲಿಲ್ಲ. ಒಂದು ದಿನ ತಪ್ಪಿದರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಎರಡನೆಯ ದಿನ ಅವರು ಎದುರಾಗಬೇಕಾದ ತಿರುವಿನಲ್ಲಿ ನನ್ನ ಕತ್ತು ತಾನಾಗಿ ಮೇಲೆದ್ದಿತು. ವಾರ ಕಳೆಯುವಷ್ಟರಲ್ಲಿ, ಅವರ ಹೆಸರಾಗಲಿ ಮನೆಯ ನಂಬರಾಗಲಿ ನನಗೆ ಗೊತ್ತಿಲ್ಲವೆಂಬುದು ಕಾಡತೊಡಗಿತು. ಯಾರನ್ನು ಕೇಳುವುದು, ಏನೆಂದು ಕೇಳುವುದು? ಕೊನೆಗೆ ಕನ್ನಡಕದ ನೆರೆಯವರನ್ನೇ ನಿಲ್ಲಿಸಿ, “ಕೋಲು ಹಿಡಿದು ಬರುತ್ತಿದ್ದರಲ್ಲ, ಅವರನ್ನು ನೋಡಿದಿರಾ?” ಎಂದೆ. ನೋಡುವ ವಿಷಯ ಅವರನ್ನು ಕೇಳಿದ್ದೇ ಒಂದು ತಮಾಷೆ. ಆದರೆ ಕೋಲಿನ ಸದ್ದು ಕೆಲವು ದಿನಗಳಿಂದ ಕೇಳಿಸುತ್ತಿಲ್ಲವೆಂಬುದನ್ನು ಅವರೂ ಗಮನಿಸಿದ್ದರು.

ಹಿರಿಯರು ಮತ್ತೆ ಕಾಣಿಸಿಕೊಂಡ ಬೆಳಿಗ್ಗೆ ಕೋಲಿನ ಮೇಲೆ ನಿಜವಾಗಿಯೂ ಭಾರ ಬಿದ್ದಿತ್ತು, ಅದು ಎಡಗೈಗೆ ಬರಲಿಲ್ಲ. ನಾನು ನಿಂತೆ. “ಕಾಣಲೇ ಇಲ್ಲವಲ್ಲ ಸರ್, ಆರೋಗ್ಯವಾಗಿದ್ದೀರಾ?” ಎಂದೆ. ಅದುವರೆಗೆ ನಮ್ಮ ನಡುವೆ ಪ್ರಶ್ನೆ ಎಂಬುದೇ ಇರಲಿಲ್ಲ, “ಚೆನ್ನಾಗಿದ್ದೀರಾ” ಎನ್ನುವುದೂ ಉತ್ತರ ಬಯಸದೆ ಹಾಯ್ದುಹೋಗುವ ಮಾತಾಗಿತ್ತು. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ನೀವು ಗಮನಿಸಿದಿರಾ?” ಎಂದರು. ಮಂಡಿ ಬಾತಿತ್ತು, ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ, ಮಗಳು ದೂರದಲ್ಲಿದ್ದಾಳೆ, ಫೋನಿನಲ್ಲಿ ಹೇಳಿದರೆ ಗಾಬರಿಯಾಗುತ್ತಾಳೆಂದು ಹೇಳಿರಲಿಲ್ಲ ಎಂಬುದೆಲ್ಲ ಆ ದಾರಿಯ ಅಂಚಿನಲ್ಲಿ ನಿಂತೇ ಹೊರಬಂತು. ಮಗಳಿಗೆ ಹೇಳದ್ದನ್ನು ಅವರು ನನಗೆ ಹೇಳಿದ್ದರು, ಆಗಲೂ ನನಗೆ ಅವರ ಹೆಸರು ಗೊತ್ತಿರಲಿಲ್ಲ.

ಈ ಪ್ರಶ್ನೆಯನ್ನು ಬೇಗ ಕೇಳಿದ್ದರೆ ಕೆಲಸ ಕೆಡುತ್ತಿತ್ತು ಎಂಬುದು ನನ್ನ ನಂಬಿಕೆ. ಪರಿಚಯವಾದ ಮೂರನೆಯ ದಿನಕ್ಕೇ ಕೆಲಸ, ಸಂಬಳ, ಮಕ್ಕಳ ಮದುವೆ ಎಂದೆಲ್ಲ ವಿಚಾರಿಸುವವರೊಬ್ಬರು ನಮ್ಮಲ್ಲಿದ್ದರು. ಅವರೊಡನೆ ಯಾರೂ ಜಗಳವಾಡಲಿಲ್ಲ. ಕೆಲವರು ಕಾಲು ಗಂಟೆ ಮುಂಚೆ ಬರತೊಡಗಿದರು, ಕೆಲವರು ದಿಕ್ಕು ಬದಲಿಸಿದರು. ನಡಿಗೆಯ ದಾರಿಯಲ್ಲಿ ಬೇಸರವನ್ನು ತಿಳಿಸುವ ರೀತಿ ಇದೇ. ಗೈರುಹಾಜರಿಯ ಬಗ್ಗೆ ಕೇಳುವ ಹಕ್ಕು ಮಾತ್ರ ಬೇರೆ ತರಹದ್ದು, ಅದು ದಿನನಿತ್ಯದ ಹಾಜರಿಯಿಂದಲೇ ಗಳಿಕೆಯಾಗುತ್ತದೆ, ಅದರಲ್ಲಿ ಕುತೂಹಲದ ವಾಸನೆ ಇರುವುದಿಲ್ಲ.

ಆ ದಿನ ಅವರ ಮಂಡಿಗಾಗಿ ನಾನು ದಿಕ್ಕು ಬದಲಿಸಿ ಅವರ ಜೊತೆ ಅರ್ಧ ಸುತ್ತು ನಡೆದೆ. ಎದುರುಬದುರಾಗಿ ಇಷ್ಟು ದಿನ ಮುಖವನ್ನೇ ನೋಡಿದ್ದವರು ಪಕ್ಕಪಕ್ಕದಲ್ಲಿ ನಡೆಯುವಾಗ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಬಹುಶಃ ಆ ಕಾರಣಕ್ಕೇ ಮಾತು ಹೆಚ್ಚು ಸರಾಗವಾಗಿ ಬರುತ್ತದೆ, ನಡುವೆ ಮೌನ ಬಿದ್ದರೂ ಹೆಜ್ಜೆಗಳು ಅದನ್ನು ತುಂಬುತ್ತವೆ. ಹೆಸರು, ಮನೆ, ಫೋನ್ ನಂಬರು ಎಲ್ಲವೂ ಅಂದೇ ವಿನಿಮಯವಾದವು. ಕೆಲವು ತಿಂಗಳ ಬಳಿಕ ಜ್ವರದಿಂದ ನಾನು ಮಲಗಿದ್ದಾಗ ಮೂರನೆಯ ಬೆಳಿಗ್ಗೆ ಗೇಟಿನ ಬಳಿ ಕೋಲಿನ ಸದ್ದಾಯಿತು. ಅವರು ಒಳಗೆ ಬರಲಿಲ್ಲ. “ಎರಡು ದಿನ ನೋಡಿದೆ, ಇವತ್ತು ಸುಮ್ಮನಿರಲು ಆಗಲಿಲ್ಲ” ಎಂದು ಹೇಳಿ, ನನ್ನ ಮುಖ ನೋಡಿ ಹೊರಟರು.

ಈಗ ಮೊದಲ ಸುತ್ತನ್ನು ನಾವಿಬ್ಬರೂ ಜೊತೆಯಾಗಿ ಮುಗಿಸುತ್ತೇವೆ. ಉಳಿದದ್ದಕ್ಕೆ ನನ್ನ ವೇಗ ಅವರಿಗೆ ಆಗುವುದಿಲ್ಲ, ಅವರದು ನನಗೆ ಸಾಲದು, ಆದ್ದರಿಂದ ಬೇರೆಯಾಗಿ ಮತ್ತೆ ವಿರುದ್ಧ ದಿಕ್ಕು ಹಿಡಿಯುತ್ತೇವೆ. ಕನ್ನಡಕದ ನೆರೆಯವರೊಡನೆ ಸಂಬಂಧ ನಮಸ್ಕಾರದಾಚೆಗೆ ಬೆಳೆದಿಲ್ಲ, ಬೆಳೆಯಬೇಕೆಂದು ಇಬ್ಬರಿಗೂ ಅನಿಸಿಲ್ಲ. ಆದರೆ ಹಿರಿಯರು ಮಗಳ ಊರಿಗೆ ಹೊರಟಾಗ, “ಹದಿನೈದು ದಿನ ಬರುವುದಿಲ್ಲ, ಅವರಿಗೂ ಹೇಳಿಬಿಡಿ, ಸುಮ್ಮನೆ ಹುಡುಕುತ್ತಾರೆ” ಎಂದು ನನಗೆ ಹೇಳಿ ಹೋದರು. ನಾನು ಅದನ್ನು ತಲುಪಿಸಿದೆ. ಅವರು, “ಬರುವ ತಿಂಗಳು ನಾನೂ ಒಂದು ವಾರ ಇರುವುದಿಲ್ಲ, ನೆನಪಿರಲಿ” ಎಂದರು.