ಎಡಗಡೆ ಹೆಡ್‌ಲೈಟ್ ಲಾಗ್: 13 ಹೋಗಿ 56 ಬಂತು

ಶನಿವಾರ: ಕೋಡ್ ಓದಿದ್ದು

ಕೆಲಸಕ್ಕೆ ಬಂದಿರುವುದು ಭಾವನ 2019ರ ಸೆಡಾನ್. ಎಡಗಡೆ ಡಿಆರ್‌ಎಲ್, ಅಂದರೆ ಹಗಲಲ್ಲೂ ಉರಿಯುವ ಆ ಬಿಳಿ ಪಟ್ಟಿ, ಸತ್ತುಹೋಗಿದೆ. ಲೋ ಬೀಮ್, ಇಂಡಿಕೇಟರ್ ಎಲ್ಲ ಸರಿಯಾಗಿವೆ. ಮೀಟರ್‌ನಲ್ಲಿ ಹಳದಿ ಬಲ್ಬ್ ಚಿತ್ರ, ಅದರ ಕೆಳಗೆ `Check left headlight`.

"ಬಲ್ಬ್ ಹೋಗಿದೆ ಕಣಯ್ಯ, ಒಂದು ತಂದು ಹಾಕಿಬಿಡು" ಅಂತ ಹೇಳಿ ಭಾವ ಕೀ ಕೊಟ್ಟು ಹೊರಟರು. ತೆಗೆದು ಹಾಕುವಂಥ ಬಲ್ಬ್ ಈ ದೀಪದಲ್ಲಿ ಇಲ್ಲವೇ ಇಲ್ಲ. ಎಲ್‌ಇಡಿಗಳು ಒಳಗೆ ಅಲ್ಯೂಮಿನಿಯಂ ಹಲಗೆಯ ಮೇಲೆ ಬೆಸುಗೆಯಾಗಿವೆ. ಅವುಗಳಿಗೆ ಅಳೆದು ಕರೆಂಟ್ ಕೊಡುವ ಡ್ರೈವರ್ ಮಾಡ್ಯೂಲ್ ದೀಪದ ತಳಭಾಗದಲ್ಲಿ, ಹೊರಗಡೆಯಿಂದ ಸ್ಕ್ರೂ ಹಾಕಿ ಕೂರಿಸಿದ ಅಂಗೈಯಗಲದ ಡಬ್ಬಿ. ಮೀಟರ್‌ಗೆ ದೂರು ಹೋಗುವುದೂ ಈ ಡಬ್ಬಿಯಿಂದಲೇ. ಇದು ಕಾರಿನ ದೀಪ, ಬಾಗಿಲು ಇತ್ಯಾದಿ ನೋಡಿಕೊಳ್ಳುವ ಕಂಪ್ಯೂಟರ್ ಆದ ಬಾಡಿ ಕಂಟ್ರೋಲ್ ಮಾಡ್ಯೂಲ್‌ಗೆ ಹೇಳುತ್ತದೆ, ಅದು ಮೀಟರ್‌ಗೆ ದಾಟಿಸುತ್ತದೆ.

ಕಾರಿನ ದೋಷದ ಕೋಡ್ ಓದಲು ನನ್ನ ಹತ್ತಿರ ಇದ್ದ ಅಗ್ಗದ ಇಎಲ್‌ಎಂ327 ಡಾಂಗಲ್ "ಯಾವ ಕೋಡೂ ಇಲ್ಲ" ಅಂದಿತು. ಅದರ ಜೊತೆ ಬರುವ ಆಪ್ ಕೇಳುವುದು ಇಂಜಿನ್ ಮತ್ತು ಹೊಗೆಗೆ ಸಂಬಂಧಿಸಿದ ಕೋಡ್‌ಗಳನ್ನು ಮಾತ್ರ. ದೀಪದ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲನ್ನೇ ನೇರವಾಗಿ ಮಾತಾಡಿಸುವ ಸ್ಕ್ಯಾನರ್ ಹಾಕಿದ ಮೇಲೆ ಕೋಡ್ ಬಿತ್ತು. `B` ಅಕ್ಷರದಿಂದ ಶುರುವಾಗಿ `-13` ಅಂತ ಮುಗಿಯುವ ಕೋಡ್, ಪಕ್ಕದಲ್ಲಿ ಸ್ಟೇಟಸ್ `09`.

ಕೋಡ್‌ನಲ್ಲಿ ಡ್ಯಾಶ್ ಗೆರೆಗಿಂತ ಹಿಂದಿನ ಭಾಗವನ್ನು ಕಂಪನಿಗಳು ಹೆಚ್ಚಾಗಿ ತಮಗೆ ಬೇಕಾದ ಹಾಗೆ ಇಟ್ಟುಕೊಳ್ಳುತ್ತವೆ. ಡ್ಯಾಶ್ ಆದ ಮೇಲಿನ ಎರಡು ಅಂಕಿಗಳಿಗೆ ಮಾತ್ರ ಎಲ್ಲರೂ ಒಪ್ಪಿದ ಅರ್ಥವಿದೆ, ಹಾಗಾಗಿ ನಾನು ಮೊದಲು ನೋಡುವುದು ಅವನ್ನೇ. 13 ಅಂದರೆ ಓಪನ್ ಸರ್ಕ್ಯೂಟ್, ದಾರಿ ಎಲ್ಲೋ ಕಡಿದಿದೆ. 11 ಬಂದಿದ್ದರೆ ತಂತಿ ನೆಲಕ್ಕೆ ಶಾರ್ಟ್. 87 ಬಂದಿದ್ದರೆ ಡಬ್ಬಿ ಮಾತೇ ಆಡುತ್ತಿಲ್ಲ ಅಂತ. ಇಲ್ಲಿ ಡಬ್ಬಿ ಬದುಕಿದೆ, ಮಾತಾಡುತ್ತಿದೆ, "ನಾನು ಕಳಿಸಿದ ಕರೆಂಟ್ ಹರಿಯುತ್ತಿಲ್ಲ" ಅನ್ನುತ್ತಿದೆ. ಸ್ಟೇಟಸ್ `09` ಅಂದರೆ ತೊಂದರೆ ಈಗಲೂ ಇದೆ, ಪಕ್ಕಾ ಆಗಿಯೂ ದಾಖಲಾಗಿದೆ. `08` ಮಾತ್ರ ಇದ್ದಿದ್ದರೆ ಹಿಂದೆ ಬಂದು ಹೋಗಿದೆ, ಈಗ ಇಲ್ಲ ಅಂತ ಓದಿಕೊಳ್ಳಬಹುದಿತ್ತು.

ಭಾನುವಾರ: ಎಲ್‌ಇಡಿಯೋ, ಡಬ್ಬಿಯೋ

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬಂಪರ್ ಸಡಿಲಿಸಿ ದೀಪ ಹೊರಗೆ ತೆಗೆದೆ. ಬಂಪರ್ ಕ್ಲಿಪ್‌ಗಳ ಬಗ್ಗೆ ಬರೆದರೆ ಬೈಗುಳವೇ ಆಗುತ್ತದೆ, ಬಿಡಿ.

ಡಬ್ಬಿಯಿಂದ ಎಲ್‌ಇಡಿ ಹಲಗೆಗೆ ಹೋಗುವ ಸಾಕೆಟ್ ಕಳಚಿ, ಎಲ್‌ಇಡಿ ಕಡೆಯ ಎರಡು ಪಿನ್‌ಗಳನ್ನು ಪರೀಕ್ಷಿಸಬೇಕು. ಮಲ್ಟಿಮೀಟರ್‌ನ ಡಯೋಡ್ ಮೋಡ್ ಇಲ್ಲಿ ಸಾಲದು. ಎಲ್‌ಇಡಿಗಳು ಸಾಲಾಗಿ ಒಂದರ ಹಿಂದೆ ಒಂದು ಇವೆ, ಒಂದೊಂದಕ್ಕೂ ಸುಮಾರು 3 ವೋಲ್ಟ್ ಬೇಕು. ಮೀಟರ್ ಕೊಡುವ ಎರಡು ಮೂರು ವೋಲ್ಟ್‌ಗೆ ಇಡೀ ಸಾಲು ಎಚ್ಚರವಾಗುವುದಿಲ್ಲ, ಚೆನ್ನಾಗಿರುವ ಸಾಲನ್ನೂ ಸತ್ತಿದೆ ಅಂತ ತೋರಿಸುತ್ತದೆ. ಬೆಂಚ್ ಪವರ್ ಸಪ್ಲೈನಲ್ಲಿ ಕರೆಂಟ್ ಮಿತಿಯನ್ನು 20 ಮಿಲಿಆಂಪ್‌ಗೆ ಕಟ್ಟಿಹಾಕಿ, ವೋಲ್ಟೇಜನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿದೆ. 10 ವೋಲ್ಟ್, ಏನಿಲ್ಲ. 14, ಏನಿಲ್ಲ. 16ರ ಹತ್ತಿರ ಇಡೀ ಪಟ್ಟಿ ಮಂಕಾಗಿ, ಒಂದೇ ಸಮನಾಗಿ ಬೆಳಗಿತು. ಆರು ಎಲ್‌ಇಡಿಯ ಸಾಲಿಗೆ ಇದು ಸರಿಯಾದ ಲೆಕ್ಕ. ಹಲಗೆಯಲ್ಲೇನೂ ದೋಷವಿಲ್ಲ.

ಹಾಗಾದರೆ ಕಡಿದಿರುವುದು ಡಬ್ಬಿಯ ಕಡೆಯೇ. ತಿರುಗಿಸಿ ನೋಡಿದರೆ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿದೆ, ಒಂದು ಪಿನ್ನಿನ ಬುಡದಲ್ಲಿ ಹಸಿರು ಕಿಲುಬು. ಪಿನ್ ಬೋರ್ಡ್‌ಗೆ ಸೇರುವ ಜಾಗದಲ್ಲಿ ತಾಮ್ರದ ಗೆರೆಯೇ ಕರಗಿಹೋಗಿತ್ತು. ಮುಚ್ಚಳಕ್ಕೆ ಬಳಿದ ಅಂಟನ್ನು ಕೆರೆದು ತೆಗೆಯಲು ಹೋದರೆ ಬೋರ್ಡ್ ಉಳಿಯುವುದಿಲ್ಲ. ಹಾಗಾಗಿ ರಿಪೇರಿ ಕೈಬಿಟ್ಟು, ಪಾರ್ಟ್ ನಂಬರ್ ಬರೆದುಕೊಂಡು ಬೆಂಗಳೂರಿನ ಗುಜರಿ ಅಂಗಡಿಯೊಂದಕ್ಕೆ ಫೋನ್ ಮಾಡಿದೆ.

ಮುಂದಿನ ವಾರ: ಬದಲಿ ಡಬ್ಬಿ ಬಂತು

ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಒಂದೇ. ಕೂರಿಸಿ ಇಗ್ನಿಷನ್ ಆನ್ ಮಾಡಿದೆ. ಲೋ ಬೀಮ್ ಬಂತು, ಆದರೆ ಕತ್ತು ಬಗ್ಗಿಸಿದಂತೆ ಬೆಳಕು ತೀರಾ ಕೆಳಗೆ ಬೀಳುತ್ತಿದೆ. ಡಿಆರ್‌ಎಲ್ ಇನ್ನೂ ಇಲ್ಲ. ಮೀಟರ್‌ನಲ್ಲಿ ಅದೇ `Check left headlight`. ಮೀಟರನ್ನಷ್ಟೇ ನೋಡುವವರು ಇಲ್ಲಿ "ಗುಜರಿ ಮಾಲು ಕೈಕೊಟ್ಟಿತು" ಅಂತ ವಾಪಸ್ ಕಳಿಸಿಬಿಡುತ್ತಾರೆ.

ಸ್ಕ್ಯಾನರ್‌ನಲ್ಲಿ ಕೋಡ್ ಬದಲಾಗಿತ್ತು. `-13` ಹೋಗಿ `-56` ಬಂದಿತ್ತು. 56 ಅಂದರೆ ಕಾನ್ಫಿಗರೇಶನ್ ಹೊಂದುತ್ತಿಲ್ಲ. ಹೊಚ್ಚಹೊಸ ಡಬ್ಬಿ ಹಾಕಿದ್ದರೆ `-55` ಬರುತ್ತಿತ್ತೇನೋ, ಅಂದರೆ ಕಾನ್ಫಿಗರೇಶನ್ ಇನ್ನೂ ಬರೆದೇ ಇಲ್ಲ ಅಂತ. ಎರಡೂ ಒಳ್ಳೆಯ ಸುದ್ದಿಯೇ. ತಂತಿ, ಪಿನ್, ಎಲ್‌ಇಡಿ ಯಾವುದರ ಮೇಲೂ ಈಗ ದೂರಿಲ್ಲ, ಸ್ಕ್ರೂಡ್ರೈವರ್ ಕೆಲಸ ಮುಗಿದಿದೆ.

ಹೊಂದದೆ ಇರುವುದು ಏನು? ಒಂದೇ ಡಬ್ಬಿಯನ್ನು ಕಂಪನಿ ಹಲವು ಮಾದರಿಯ ದೀಪಗಳಿಗೆ ಹಾಕುತ್ತದೆ. ಯಾವ ಸಾಲಿಗೆ ಎಷ್ಟು ಕರೆಂಟ್, ದೀಪ ಎಡಗಡೆಯದೋ ಬಲಗಡೆಯದೋ, ಬೆಳಕನ್ನು ಏರಿಳಿಸುವ ಮೋಟರ್ ಇದೆಯೋ ಇಲ್ಲವೋ, ಡಿಆರ್‌ಎಲ್ ಮತ್ತು ಪಾರ್ಕಿಂಗ್ ದೀಪ ಒಂದೇ ಪಟ್ಟಿಯೋ, ಇವೆಲ್ಲ ಅದರ ನೆನಪಿನಲ್ಲಿ ಬರೆದಿರಬೇಕು. ಈ ಡಬ್ಬಿ ತನ್ನ ಹಳೆಯ ಕಾರಿನ ಪಾಠವನ್ನೇ ಒಪ್ಪಿಸುತ್ತಿದೆ, ಬಾಡಿ ಕಂಟ್ರೋಲ್ ಮಾಡ್ಯೂಲ್ ಹತ್ತಿರ ಇರುವ ಪಟ್ಟಿಗೆ ಅದು ತಾಳೆಯಾಗುತ್ತಿಲ್ಲ. ತಪ್ಪು ಕರೆಂಟ್ ಕೊಟ್ಟು ಎಲ್‌ಇಡಿ ಸುಡುವುದಕ್ಕಿಂತ ಸುಮ್ಮನಿರುವುದು ಮೇಲು ಅಂತ ಅದು ಲೋ ಬೀಮ್ ಒಂದನ್ನು ಮಾತ್ರ ಕೊಟ್ಟು, ಎದುರಿನವರ ಕಣ್ಣಿಗೆ ಬಡಿಯದ ಹಾಗೆ ಕೆಳಗೆ ನಿಲ್ಲಿಸಿದೆ. ಈ ವ್ಯವಸ್ಥೆ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಅದೇ ಮಾತನ್ನು ಮೀಟರ್‌ನಲ್ಲಿ ಹೇಳದೆ ಎಲ್ಲದಕ್ಕೂ ಒಂದೇ ಸಾಲು ತೋರಿಸುವುದಕ್ಕೆ ಮಾತ್ರ ಸಿಟ್ಟಿದೆ.

ಕಾನ್ಫಿಗರೇಶನ್ ನಾನೇ ಬರೆಯಬಹುದಾ ಅಂತ ನೋಡಿದೆ. ಓದುವುದಕ್ಕೆ ಅಡ್ಡಿಯಿಲ್ಲ: ಡಬ್ಬಿಗೆ `22 F1 87` ಕಳಿಸಿದರೆ ಪಾರ್ಟ್ ನಂಬರ್, `22 F1 8C` ಕಳಿಸಿದರೆ ಸೀರಿಯಲ್ ನಂಬರ್ ಬರುತ್ತದೆ. ಬರೆಯಲು ಹೋದಾಗ ಬಂದ ಉತ್ತರ ಇದು:

```
7F 2E 33
```

7F ಅಂದರೆ "ಆಗುವುದಿಲ್ಲ", 2E ಅಂದರೆ ನಾನು ಕೇಳಿದ ಬರೆಯುವ ಕೆಲಸ, 33 ಅಂದರೆ ಬೀಗ ತೆಗೆದಿಲ್ಲ. ಮಾಡ್ಯೂಲ್ ಒಂದು ಸಂಖ್ಯೆ ಕೊಡುತ್ತದೆ, ಅದಕ್ಕೆ ಸರಿಯಾದ ಉತ್ತರವನ್ನು ಲೆಕ್ಕ ಹಾಕಿ ವಾಪಸ್ ಕಳಿಸಿದರೆ ಮಾತ್ರ ಬೀಗ ತೆರೆಯುತ್ತದೆ. ಇನ್ನೂ ಹೊಸ ಕಾರುಗಳಲ್ಲಿ ಆ ಉತ್ತರ ಲ್ಯಾಪ್‌ಟಾಪ್‌ನಲ್ಲೂ ಇರುವುದಿಲ್ಲ, ಕಂಪನಿಯ ಸರ್ವರ್‌ನಿಂದ ಇಂಟರ್‌ನೆಟ್ ಮೂಲಕ ಬರಬೇಕು. ಹೆಡ್‌ಲೈಟ್ ಕಳ್ಳತನ ತಡೆಯುವುದಕ್ಕೂ ಇದರಿಂದ ಅನುಕೂಲ. ಇಂಟರ್‌ನೆಟ್‌ನಲ್ಲಿ ಸಿಗುವ ಬೀಗ ಒಡೆಯುವ ತಂತ್ರಾಂಶ ಹಾಕಿ ಭಾವನ ಕಾರಿನ ಮೇಲೆ ಪ್ರಯೋಗ ಮಾಡುವ ಮನಸ್ಸಾಗಲಿಲ್ಲ.

ವರ್ಕ್‌ಶಾಪ್

ಮೈಸೂರಿನಲ್ಲೇ ಕಂಪನಿ ಮಟ್ಟದ ಸಾಫ್ಟ್‌ವೇರ್, ಆನ್‌ಲೈನ್ ಅಕೌಂಟ್ ಇಟ್ಟುಕೊಂಡ ಖಾಸಗಿ ವರ್ಕ್‌ಶಾಪ್ ಇದೆ. ಅಲ್ಲಿನ ಎಲೆಕ್ಟ್ರಿಷಿಯನ್ ಮೊದಲು ಮಾಡಿದ್ದು ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿದ್ದು. "ಬರೀತಾ ಇರೋವಾಗ ವೋಲ್ಟೇಜ್ ಬಿದ್ರೆ ಡಬ್ಬಿ ಅರ್ಧಕ್ಕೆ ನಿಂತುಬಿಡತ್ತೆ ಸಾರ್, ಆಮೇಲೆ ಅದು ಎದ್ದೇಳಲ್ಲ" ಅಂದರು. ಆಮೇಲೆ ಚಾಸಿಸ್ ನಂಬರ್ ಆಧಾರದಲ್ಲಿ ಸರ್ವರ್‌ನಿಂದ ಈ ಕಾರಿನ ಪಟ್ಟಿ ಇಳಿಸಿಕೊಂಡು ಡಬ್ಬಿಗೆ ಬರೆದರು. ಕಾಫಿ ಕುಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಡಿಆರ್‌ಎಲ್ ಹತ್ತಿತು.

ಮೀಟರ್‌ನ ದೂರು ಮಾತ್ರ ಹೋಗಲಿಲ್ಲ. ಈಗ ಕೋಡ್ `-54`, ಕ್ಯಾಲಿಬ್ರೇಶನ್ ಇಲ್ಲ. ಹಿಂದಿನ ಆಕ್ಸಲ್ ಹತ್ತಿರ ಒಂದು ಲೆವೆಲ್ ಸೆನ್ಸರ್ ಇದೆ. ಡಿಕ್ಕಿಯಲ್ಲಿ ಭಾರ ತುಂಬಿ ಮೂತಿ ಮೇಲೆದ್ದರೆ ಅದನ್ನು ನೋಡಿ ದೀಪ ತಾನೇ ತಗ್ಗುತ್ತದೆ. ಹೊಸ ಡಬ್ಬಿಗೆ "ಸಮ" ಅಂದರೆ ಎಷ್ಟು ಅನ್ನುವುದೇ ಗೊತ್ತಿಲ್ಲ, ಅದನ್ನು ಕಲಿಸಬೇಕು. ಕಾರನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ, ಟೈರ್ ಗಾಳಿ ಸರಿಮಾಡಿ, ಡಿಕ್ಕಿ ಖಾಲಿ ಮಾಡಿದರು. ಭಾವ ಸದಾ ಡಿಕ್ಕಿಯಲ್ಲಿಟ್ಟುಕೊಂಡಿರುವ ಅಕ್ಕಿ ಮೂಟೆಯೂ ಇಳಿಯಿತು. ಬಾಗಿಲು ಮುಚ್ಚಿ, ಯಾರೂ ಕಾರಿಗೆ ಒರಗದ ಹಾಗೆ ನೋಡಿಕೊಂಡು ಸಾಫ್ಟ್‌ವೇರ್‌ನಲ್ಲಿ ಬೇಸಿಕ್ ಸೆಟ್ಟಿಂಗ್ ಓಡಿಸಿದರು. ದೀಪ ಒಮ್ಮೆ ಕೆಳಗೆ, ಒಮ್ಮೆ ಮೇಲೆ ಹೋಗಿ ಒಂದು ಕಡೆ ನಿಂತಿತು. ಆ ಸ್ಥಿತಿಯಲ್ಲಿ ಸ್ಕ್ರೂ ತಿರುಗಿಸಿ ಬೀಮ್ ಸರಿಮಾಡಿ, ಅದನ್ನೇ ಸೊನ್ನೆ ಅಂತ ಉಳಿಸಿದರು.

ಮನೆಗೆ ಬಂದು ಗೋಡೆಯ ಮೇಲೆ ನಾನೂ ಅಳೆದೆ. ದೀಪದ ಮೇಲೆ 1% ಅಂತ ಅಚ್ಚಾಗಿದೆ, ಅಂದರೆ 10 ಮೀಟರ್ ದೂರಕ್ಕೆ 10 ಸೆಂಟಿಮೀಟರ್ ಇಳಿಯಬೇಕು. ದೀಪದ ನಡುಭಾಗ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ, ಬೆಳಕಿನ ಅಂಚು ಗೋಡೆಯ ಮೇಲೆ 55ಕ್ಕೆ ಬಿದ್ದಿದೆ. ಸ್ಟೇಟಸ್ `09` ಇದ್ದದ್ದು `08` ಆಗಿತ್ತು, ಅಳಿಸಿದ ಮೇಲೆ ಮತ್ತೆ ಬರಲಿಲ್ಲ.

ಪಕ್ಕದ ಮನೆಯವರ ಪ್ರಶ್ನೆ

ಇದನ್ನೆಲ್ಲ ನೋಡುತ್ತಿದ್ದ ಪಕ್ಕದ ಮನೆಯವರ ಕಾರಿನಲ್ಲಿ ಹ್ಯಾಲೊಜೆನ್ ದೀಪ. ಅದಕ್ಕೆ ಎಲ್‌ಇಡಿ ಬಲ್ಬ್ ಹಾಕಿಸಿದಾಗಿನಿಂದ ಅವರ ಮೀಟರ್‌ನಲ್ಲೂ ಬಲ್ಬ್ ಚಿತ್ರ ಬರುತ್ತಿದೆಯಂತೆ. ಅದರ ಕಾರಣ ಬೇರೆ. ಅಲ್ಲಿ ಡಬ್ಬಿ ಇಲ್ಲ, ಬಾಡಿ ಕಂಟ್ರೋಲ್ ಮಾಡ್ಯೂಲ್ ನೇರವಾಗಿ ಕರೆಂಟ್ ಅಳೆಯುತ್ತದೆ. 55 ವ್ಯಾಟ್ ಬಲ್ಬ್ 4 ಆಂಪಿಯರ್‌ಗೆ ಮೇಲೆ ಎಳೆಯಬೇಕು, 20 ವ್ಯಾಟಿನ ಎಲ್‌ಇಡಿ ಎಳೆಯುವುದು ಒಂದೂವರೆ. ಇಷ್ಟು ಕಡಿಮೆ ಅಂದರೆ ಬಲ್ಬ್ ಸುಟ್ಟಿದೆ ಅಂತ ಅದರ ತೀರ್ಮಾನ.

ಅಂಗಡಿಯವರು ಇದಕ್ಕೆ "ಡಿಕೋಡರ್" ಅಂತ ಮಾರುವುದರಲ್ಲಿ ಎಷ್ಟೋ ಬರೀ 6 ಓಮ್ ರೆಸಿಸ್ಟರ್. 13.2 ವೋಲ್ಟ್‌ಗೆ ಅದು 2.2 ಆಂಪಿಯರ್ ಎಳೆದು ಸುಮಾರು 29 ವ್ಯಾಟ್ ಶಾಖ ಬಿಡುತ್ತದೆ. ಪ್ಲಾಸ್ಟಿಕ್ ದೀಪದ ಬೆನ್ನಿಗೆ ಟೇಪ್ ಸುತ್ತಿ ಕಟ್ಟಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಕೆಲವು ಕಾರುಗಳಲ್ಲಿ ಕೋಡಿಂಗ್ ಮಾಡಿ ಆ ದೀಪದ ವಿಧವನ್ನೇ ಎಲ್‌ಇಡಿ ಅಂತ ಬದಲಿಸಬಹುದು, ಆಗ ದೂರು ನಿಲ್ಲುತ್ತದೆ. ಆದರೆ ಹ್ಯಾಲೊಜೆನ್ ತಂತಿಗೆಂದು ಮಾಡಿದ ಕನ್ನಡಿಯಲ್ಲಿ ಎಲ್‌ಇಡಿ ಬೆಳಕು ಚೆದುರಿ ಎದುರಿನವರ ಕಣ್ಣು ಕುಕ್ಕುವುದನ್ನು ಯಾವ ಕೋಡಿಂಗೂ ಸರಿಮಾಡುವುದಿಲ್ಲ. ಹಳೆಯ ಬಲ್ಬನ್ನೇ ಹಾಕಿಸಿಕೊಳ್ಳಿ ಅಂದೆ, ಅವರಿಗೆ ಅಷ್ಟು ಹಿಡಿಸಿದ ಹಾಗೆ ಕಾಣಲಿಲ್ಲ.

ಬಾಕಿ ಇರುವುದು

ಬಲಗಡೆ ಗ್ಯಾಸ್ಕೆಟ್ಟಿಗೂ ಅಷ್ಟೇ ವಯಸ್ಸು. ಮಳೆಗಾಲಕ್ಕೆ ಮುಂಚೆ ಅದನ್ನು ಬಿಚ್ಚಿ ನೋಡಬೇಕು. ಡಬ್ಬಿ ಅದೇ ಇರುವುದರಿಂದ ಕೋಡಿಂಗ್ ಬೇಕಾಗುವುದಿಲ್ಲ. ಆದರೆ ದೀಪವನ್ನು ಜಾಗದಿಂದ ಕಳಚಿದ ಮೇಲೆ ಬೀಮ್ ಎತ್ತರವನ್ನು ಗೋಡೆಯ ಮೇಲೆ ಮತ್ತೆ ಅಳೆಯಬೇಕು. ಭಾವನಿಗೆ ಹೇಳಿದ್ದೇನೆ, ಅವತ್ತು ಅಕ್ಕಿ ಮೂಟೆ ಮನೆಯಲ್ಲೇ ಇಳಿಸಿ ಬನ್ನಿ ಅಂತ.